ಯಂತ್ರ ಬರೆದ ಭಾಷಣಕ್ಕೆ ನಿಮ್ಮ ದನಿ ಕೊಡುವುದು ಹೇಗೆ?

ಬೀಳ್ಕೊಡುಗೆ ಭಾಷಣ, ಸ್ಮರಣ ಸಂಚಿಕೆಗೊಂದು ಲೇಖನ, ತೀರಿಕೊಂಡವರಿಗೆ ನಾಲ್ಕು ಸಾಲಿನ ನುಡಿನಮನ. ಇಂಥವನ್ನು ಈಗ ಬಹಳ ಜನ ಫೋನಿನಲ್ಲಿರುವ ಎಐಗೆ ಹೇಳಿ ಬರೆಸುತ್ತಾರೆ. ಅರ್ಧ ನಿಮಿಷದಲ್ಲಿ ಕನ್ನಡದಲ್ಲೇ ಒಂದು ಪುಟ ಬಂದುಬಿಡುತ್ತದೆ. ವ್ಯಾಕರಣದ ತಪ್ಪು ಹುಡುಕಿದರೂ ಸಿಗುವುದು ಕಷ್ಟ. ಆದರೆ ವೇದಿಕೆಯಲ್ಲಿ ನಿಂತು ಅದನ್ನು ಓದತೊಡಗಿದರೆ ಎರಡನೇ ಸಾಲಿಗೇ ಜನ ಪಕ್ಕದವರ ಜೊತೆ ಮಾತಿಗಿಳಿಯುತ್ತಾರೆ. ಯಾಕೆ ಹೀಗಾಗುತ್ತದೆ, ಅದನ್ನು ತಿದ್ದುವುದು ಹೇಗೆ ಎನ್ನುವುದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ಹಳೇ ಮೈಸೂರು ಕಡೆಯ ಒಂದು ಹಳ್ಳಿ ಎಂದಿಟ್ಟುಕೊಳ್ಳಿ. ಅಲ್ಲಿನ ಹಾಲಿನ ಡೇರಿಯ ಕಾರ್ಯದರ್ಶಿ ನಿವೃತ್ತರಾಗುತ್ತಿದ್ದಾರೆ. ಊರವರು ಅವರನ್ನು ಕರೆಯುವುದು ‘ಸೆಕ್ರೆಟರಿ’ ಎಂದೇ. ಸಮಾರಂಭದಲ್ಲಿ ಮಾತಾಡಬೇಕಾದ ಯುವಕ ಎಐಯಿಂದ ಒಂದು ಪ್ಯಾರಾ ಬರೆಸಿಕೊಂಡಿದ್ದಾನೆ. ಅದು ಸಾಮಾನ್ಯವಾಗಿ ಇರುವುದು ಹೀಗೆ:

“ಶ್ರೀಯುತರು ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಅಭಿವೃದ್ಧಿಯಲ್ಲಿ ಮಹತ್ವದ ಪಾತ್ರವನ್ನು ವಹಿಸಿದ್ದಾರೆ. ಅವರು ತಮ್ಮ ಪ್ರಾಮಾಣಿಕತೆ, ಸಮರ್ಪಣೆ ಮತ್ತು ಕಠಿಣ ಪರಿಶ್ರಮದ ಮೂಲಕ ಎಲ್ಲರ ಹೃದಯಗಳನ್ನು ಗೆದ್ದಿದ್ದಾರೆ. ಅವರು ಕೇವಲ ಒಬ್ಬ ಕಾರ್ಯದರ್ಶಿಯಾಗಿರಲಿಲ್ಲ, ಬದಲಿಗೆ ಒಬ್ಬ ಮಾರ್ಗದರ್ಶಕ ಮತ್ತು ಸ್ಫೂರ್ತಿಯ ಸೆಲೆಯಾಗಿದ್ದರು. ಅವರ ನೇತೃತ್ವದಲ್ಲಿ ಅನೇಕ ರೈತರ ಜೀವನದಲ್ಲಿ ಸಕಾರಾತ್ಮಕ ಬದಲಾವಣೆಗಳನ್ನು ತರಲಾಗಿದೆ. ಅವರ ಸೇವೆಯು ಮುಂದಿನ ಪೀಳಿಗೆಗಳಿಗೆ ಸದಾ ದಾರಿದೀಪವಾಗಿರುತ್ತದೆ.”

ಇದರಲ್ಲಿ ಸುಳ್ಳೇನೂ ಇಲ್ಲ. ತೊಂದರೆ ಎಲ್ಲಿದೆ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ‘ಹಾಲು ಉತ್ಪಾದಕರ ಸಹಕಾರ ಸಂಘ’ ಎಂಬಲ್ಲಿ ‘ಪ್ರೌಢಶಾಲೆ’ ಎಂದು ಹಾಕಿ, ‘ಕಾರ್ಯದರ್ಶಿ’ಯನ್ನು ‘ಮುಖ್ಯೋಪಾಧ್ಯಾಯ’ ಮಾಡಿ, ‘ರೈತರ’ ಇದ್ದಲ್ಲಿ ‘ವಿದ್ಯಾರ್ಥಿಗಳ’ ಎಂದು ಬರೆಯಿರಿ. ಪ್ಯಾರಾ ಅಲುಗಾಡುವುದೇ ಇಲ್ಲ. ಬ್ಯಾಂಕ್ ಮ್ಯಾನೇಜರಿಗೂ ಹೊಂದುತ್ತದೆ, ಅಂಚೆಯವರಿಗೂ ಹೊಂದುತ್ತದೆ. ಯಾರಿಗೆ ಬೇಕಾದರೂ ಹೊಂದುವ ಮಾತು ಎದುರಿಗೆ ಕೂತವರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇದಕ್ಕೆ ಕಾರಣ ಯಂತ್ರ ಕೆಲಸ ಮಾಡುವ ರೀತಿಯಲ್ಲೇ ಇದೆ. ಅಪಾರ ಬರಹ ಓದಿಸಿ ತಯಾರು ಮಾಡಿದ ಈ ವ್ಯವಸ್ಥೆ, ಈವರೆಗಿನ ಮಾತಿನ ಮುಂದೆ ಯಾವುದು ಬರುವ ಸಂಭವ ಹೆಚ್ಚು ಎಂದು ಅಂದಾಜು ಮಾಡುತ್ತಾ ಒಂದೊಂದೇ ತುಣುಕು ಜೋಡಿಸುತ್ತದೆ. ‘ಮಹತ್ವದ’ ಆದಮೇಲೆ ‘ಪಾತ್ರ’, ‘ಕಠಿಣ’ ಆದಮೇಲೆ ‘ಪರಿಶ್ರಮ’. ಎಲ್ಲರೂ ನಡೆದು ಸವೆದ ದಾರಿಯೇ ಅದಕ್ಕೆ ಹತ್ತಿರ. ನಿಮ್ಮೂರಿನ ಸೆಕ್ರೆಟರಿಯನ್ನು ಅದು ಕಂಡಿಲ್ಲ, ನೀವೂ ಅದಕ್ಕೆ ಹೇಳಿಲ್ಲ. ಹಾಗಾಗಿ ಯಾವ ಸೆಕ್ರೆಟರಿಗಾದರೂ ಸಲ್ಲುವ ಮಾತನ್ನೇ ಕೊಡುತ್ತದೆ. ಕನ್ನಡದಲ್ಲಿ ಇನ್ನೊಂದು ತೊಡಕೂ ಇದೆ. ಅದು ಓದಿಕೊಂಡಿದ್ದರಲ್ಲಿ ಇಂಗ್ಲಿಷಿನ ಪಾಲು ಬಹಳ ದೊಡ್ಡದು, ಕನ್ನಡದ್ದು ತೀರ ಕಡಿಮೆ. ಹೀಗಾಗಿ ಪದಗಳು ಕನ್ನಡದವಾದರೂ ವಾಕ್ಯದ ನಡಿಗೆ ಎಷ್ಟೋ ಸಲ ಕನ್ನಡದ್ದಾಗಿರುವುದಿಲ್ಲ.

ತಿದ್ದುವ ಕೆಲಸ ಶುರುವಾಗುವುದು ವಾಕ್ಯಗಳಿಂದಲ್ಲ, ನೆನಪಿನಿಂದ. ಬರೆದದ್ದನ್ನು ಪಕ್ಕಕ್ಕಿಡಿ. ಆ ಯುವಕನನ್ನು ಕೂರಿಸಿಕೊಂಡು ಕೇಳುತ್ತಾ ಹೋಗಿ. ಸೆಕ್ರೆಟರಿಯನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದೇನು? ಅವರ ಕೈಯಲ್ಲಿ ಏನಿರುತ್ತಿತ್ತು? ನಿಮ್ಮ ಮನೆಯವರು ಅವರ ಮೇಲೆ ಯಾವತ್ತಾದರೂ ಸಿಟ್ಟಾಗಿದ್ದರೇ? ಈ ಕೊನೆಯ ಪ್ರಶ್ನೆ ಬಹಳ ಸಲ ಬೀಗ ತೆಗೆಯುತ್ತದೆ. ಹೊಗಳುವಾಗ ನಾವೆಲ್ಲ ಒಂದೇ ಥರ ಮಾತಾಡುತ್ತೇವೆ, ಜಗಳದ ನೆನಪು ಮಾತ್ರ ಒಬ್ಬೊಬ್ಬರದು ಒಂದೊಂದು. ನಮ್ಮ ಯುವಕನಿಗೂ ಆಗಲೇ ನೆನಪಾಗುತ್ತದೆ, ಅವ್ವ ತಂದ ಹಾಲನ್ನು ಡೇರಿಯಲ್ಲಿ ಒಂದು ದಿನ ಹಾಕಿಸಿಕೊಳ್ಳಲಿಲ್ಲ ಎನ್ನುವುದು.

ಆ ನೆನಪಿನಿಂದ ಪ್ಯಾರಾ ಮತ್ತೆ ಬರೆದರೆ ಹೀಗಾಗುತ್ತದೆ:

“ನಮ್ಮ ಡೇರಿ ಬಾಗಿಲು ತೆರೆಯುವುದು ಬೆಳಗ್ಗೆ ಆರಕ್ಕೆ. ಮಳೆ ಬರಲಿ, ಊರಹಬ್ಬ ಇರಲಿ, ಆರು ಅಂದರೆ ಆರು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಅವ್ವ ತಂದ ಹಾಲಿಗೆ ಡಿಗ್ರಿ ಬರಲಿಲ್ಲ. ಹಿಂದೆ ಉದ್ದಕ್ಕೆ ಜನ. ಸೆಕ್ರೆಟರಿ ಲ್ಯಾಕ್ಟೋಮೀಟರು ಎತ್ತಿ ನೋಡಿ, ಒರೆಸಿ, ಇನ್ನೊಂದು ಸಲ ಹಾಲಿಗೆ ಬಿಟ್ಟು, ಆಮೇಲೆ ಅವ್ವನ ಕಡೆ ಬಗ್ಗಿ ಯಾರಿಗೂ ಕೇಳಿಸದ ಹಾಗೆ ಹೇಳಿದರು: ‘ಅಕ್ಕ, ಕ್ಯಾನು ತೊಳೆದಮೇಲೆ ಬೋರಲು ಹಾಕಿ, ನೀರೆಲ್ಲ ಇಳಿದುಹೋಗಲಿ. ಇವತ್ತು ಇದನ್ನ ಹಾಕಿಸಿಕೊಳ್ಳೋಕಾಗಲ್ಲ.’ ಅವ್ವನಿಗೆ ಸಿಟ್ಟು. ದಾರಿಯುದ್ದಕ್ಕೂ ಬೈದುಕೊಂಡೇ ಬಂದಳು. ಆದರೆ ನಮ್ಮನೆಯಲ್ಲಿ ಇವತ್ತಿಗೂ ಕ್ಯಾನು ತೊಳೆದರೆ ಬೋರಲು ಹಾಕುವುದೇ.”

ಹಾಲಿಗೆ ನೀರು ಸೇರಿದರೆ ಲ್ಯಾಕ್ಟೋಮೀಟರು ಹೆಚ್ಚು ಆಳಕ್ಕೆ ಮುಳುಗುತ್ತದೆ, ಡಿಗ್ರಿ ಕಡಿಮೆ ತೋರಿಸುತ್ತದೆ. ಡೇರಿಗೆ ಹಾಲು ಹಾಕುವವರಿಗೆ ಇದನ್ನು ವಿವರಿಸಬೇಕಿಲ್ಲ. ಯುವಕ ಮಾತಾಡುತ್ತಿರುವುದು ಅವರ ಮುಂದೆಯೇ ಆದ್ದರಿಂದ ‘ಡಿಗ್ರಿ ಬರಲಿಲ್ಲ’ ಎಂದಷ್ಟೇ ಹೇಳಿ ಮುಂದೆ ಹೋಗಿದ್ದಾನೆ. ಕೇಳುವವರು ಯಾರು ಎಂದು ಗೊತ್ತಿದ್ದು ಆಡುವ ಮಾತಿಗೆ ಈ ಧೈರ್ಯ ಇರುತ್ತದೆ. ಯಂತ್ರ ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆ ಎಲ್ಲರಿಗೂ ಹೇಳುತ್ತದೆ.

ಹೊಸ ಪ್ಯಾರಾದಲ್ಲಿ ‘ಪ್ರಾಮಾಣಿಕತೆ’ ಎಂಬ ಪದ ಎಲ್ಲೂ ಇಲ್ಲ ಎನ್ನುವುದನ್ನೂ ಗಮನಿಸಿ. ಗೊತ್ತಿರುವ ಮನೆಯ ಹಾಲೆಂದು ಬಿಡಲಿಲ್ಲ, ಹಾಗೆಂದು ಹತ್ತು ಜನರ ಮುಂದೆ ಮಾನ ಕಳೆಯಲೂ ಇಲ್ಲ. ತೀರ್ಪು ಕೊಡುವ ಮುಂಚೆ ಒರೆಸಿ ಇನ್ನೊಂದು ಸಲ ನೋಡಿದರು. ಅವರು ಎಂಥವರೆಂದು ಸಭೆಯೇ ತೀರ್ಮಾನಿಸಿಕೊಳ್ಳುತ್ತದೆ. ಗುಣವಾಚಕ ತೆಗೆದು ಅಲ್ಲೊಂದು ಕೆಲಸ ಇಡುವುದು ಈ ತಿದ್ದುಪಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹೆಜ್ಜೆ.

ಇನ್ನು ಲಯದ ಮಾತು. ಕನ್ನಡದಲ್ಲಿ ಕ್ರಿಯಾಪದ ಬರುವುದು ಸಾಮಾನ್ಯವಾಗಿ ವಾಕ್ಯದ ಕೊನೆಗೆ. ಯಂತ್ರದ ಪ್ಯಾರಾದ ಕೊನೆಗಳನ್ನಷ್ಟೇ ಜೋರಾಗಿ ಓದಿ: ವಹಿಸಿದ್ದಾರೆ, ಗೆದ್ದಿದ್ದಾರೆ, ಆಗಿದ್ದರು, ತರಲಾಗಿದೆ, ಆಗಿರುತ್ತದೆ. ಐದೂ ವಾಕ್ಯ ಹೆಚ್ಚುಕಡಿಮೆ ಒಂದೇ ಉದ್ದ, ಐದೂ ಒಂದೇ ಥರ ಇಳಿದು ನಿಲ್ಲುತ್ತವೆ. ಕಿವಿ ಇದಕ್ಕೇ ಮಂಕಾಗುವುದು. ಎರಡನೆಯದರ ಕೊನೆಗಳನ್ನು ನೋಡಿ: ಆರಕ್ಕೆ, ಆರು, ಬರಲಿಲ್ಲ, ಜನ, ಹೇಳಿದರು, ಸಿಟ್ಟು, ಬಂದಳು, ಹಾಕುವುದೇ. ‘ಹಿಂದೆ ಉದ್ದಕ್ಕೆ ಜನ’, ‘ಅವ್ವನಿಗೆ ಸಿಟ್ಟು’ ಎಂಬಲ್ಲಿ ಕ್ರಿಯಾಪದವೇ ಇಲ್ಲ. ಕನ್ನಡದಲ್ಲಿ ಅದು ಪೂರ್ತಿ ವಾಕ್ಯವೇ. ಅದರ ಪಕ್ಕದಲ್ಲೇ ‘ಎತ್ತಿ ನೋಡಿ, ಒರೆಸಿ, ಬಿಟ್ಟು, ಬಗ್ಗಿ’ ಎಂದು ಉದ್ದಕ್ಕೆ ಹರಿಯುವ ವಾಕ್ಯವೂ ಇದೆ. ನಾಲ್ಕೈದು ಕೆಲಸವನ್ನು ಒಂದೇ ಉಸಿರಿನಲ್ಲಿ ಪೋಣಿಸುವ ಈ ಅನುಕೂಲವನ್ನು ಯಂತ್ರ ಅಷ್ಟಾಗಿ ಬಳಸುವುದಿಲ್ಲ, ‘ಮತ್ತು’ ಹಾಕಿ ಮುಗಿಸುತ್ತದೆ.

ಉಳಿದ ಬಿಗುವು ಸಣ್ಣ ಸಣ್ಣ ಜಾಗಗಳಲ್ಲಿರುತ್ತದೆ. ‘ಪಾತ್ರವನ್ನು’, ‘ಬದಲಾವಣೆಗಳನ್ನು’ ಎಂದು ಪ್ರತಿಯೊಂದಕ್ಕೂ ‘ಅನ್ನು’ ಅಂಟಿಸುವ ಅಗತ್ಯ ನಮ್ಮ ಮಾತಿಗಿಲ್ಲ. ‘ಹಾಲು ಕರೆದೆ’, ‘ಪೇಪರ್ ಓದಿದೆ’ ಎಂದೇ ನಾವೆಲ್ಲ ಆಡುವುದು. ವಾಕ್ಯಕ್ಕೊಂದು ‘ಅವರು’ ಕೂಡ ಬೇಡ, ಕ್ರಿಯಾಪದವೇ ಯಾರೆಂದು ಹೇಳುತ್ತದೆ. ‘ತರಲಾಗಿದೆ’ ಎಂದಾಗ ತಂದವರು ಯಾರು ಎನ್ನುವುದೇ ಮಾಯವಾಗುತ್ತದೆ. ಸನ್ಮಾನದ ಭಾಷಣದಲ್ಲಿ ಸನ್ಮಾನಿತರನ್ನೇ ವಾಕ್ಯದಿಂದ ಹೊರಗೆ ಕಳಿಸಿದ ಹಾಗೆ. ‘ಕೇವಲ ಇದಾಗಿರಲಿಲ್ಲ, ಬದಲಿಗೆ ಅದಾಗಿದ್ದರು’ ಎಂಬ ಕಟ್ಟು ಕಂಡಲ್ಲೆಲ್ಲ ಮೊದಲರ್ಧ ಹೊಡೆದುಹಾಕಿ, ಅರ್ಥಕ್ಕೆ ಏನೂ ನಷ್ಟವಾಗುವುದಿಲ್ಲ. ‘ಪ್ರಾಮಾಣಿಕತೆ, ಸಮರ್ಪಣೆ, ಪರಿಶ್ರಮ’ ಎಂದು ಮೂರು ಸಾಲಾಗಿ ಬಂದರೆ ಒಂದನ್ನು ಇಟ್ಟುಕೊಂಡು ಅದಕ್ಕೊಂದು ಘಟನೆ ಹುಡುಕಿ. ಮತ್ತೆ ಆ ‘ಏ’ ಎಂಬ ಒಂದಕ್ಷರ. ‘ಬೈದುಕೊಂಡೇ ಬಂದಳು’, ‘ಬೋರಲು ಹಾಕುವುದೇ’ ಎಂಬಲ್ಲಿ ಆಡುವವರ ಒತ್ತು, ಮುಗುಳ್ನಗೆ ಎಲ್ಲ ಅದರಲ್ಲೇ ಇದೆ.

ಹೀಗೆ ತಿದ್ದುವಾಗ ಎಡವುವ ಜಾಗಗಳೂ ಇವೆ. ದೊಡ್ಡದೆಂದರೆ, ‘ಇನ್ನೂ ಆತ್ಮೀಯವಾಗಿ ಬರೆದುಕೊಡು, ವಿವರ ಸೇರಿಸು’ ಎಂದು ಯಂತ್ರಕ್ಕೇ ಹೇಳುವುದು. ಅದು ತಕ್ಷಣ ಸೇರಿಸುತ್ತದೆ. ಹಳೆಯ ಸೈಕಲ್ಲು, ಚಳಿಗಾಲದ ಮುಂಜಾವು, ಕಣ್ಣೊರೆಸಿಕೊಂಡ ಮುದುಕಿ, ಎಲ್ಲವೂ ಚೆನ್ನಾಗಿ ಕೂರುತ್ತವೆ, ಯಾವುದೂ ನಡೆದಿರುವುದಿಲ್ಲ. ಸೆಕ್ರೆಟರಿ ಸೈಕಲ್ಲನ್ನೇ ತುಳಿದವರಲ್ಲ ಎಂದು ಸಭೆಯಲ್ಲಿ ಕೂತ ಎಲ್ಲರಿಗೂ ಗೊತ್ತಿರುತ್ತದೆ. ಸಪ್ಪೆ ಭಾಷಣವನ್ನು ಊರು ಮರೆಯುತ್ತದೆ, ಕಟ್ಟುಕತೆಯ ಭಾಷಣವನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ವಿವರ ನಿಮ್ಮಿಂದಲೇ ಬರಬೇಕು, ಸಂಶಯವಿದ್ದರೆ ಮನೆಯಲ್ಲಿ ಒಂದು ಮಾತು ಕೇಳಿ ಖಚಿತ ಮಾಡಿಕೊಳ್ಳಬೇಕು.

ಎರಡನೆಯದು ಅತಿ ಮಾಡುವುದು. ಆಡುಮಾತು ಚೆನ್ನ ಎಂದು ಪ್ರತಿ ಪದವನ್ನೂ ಹಳ್ಳಿಯ ಉಚ್ಚಾರಣೆಗೆ ತಿರುಗಿಸಿದರೆ ನಾಟಕದ ಸಂಭಾಷಣೆಯಾಗುತ್ತದೆ. ಮೇಲಿನ ಪ್ಯಾರಾದಲ್ಲಿ ಪೂರಾ ಆಡುಮಾತು ಇರುವುದು ಸೆಕ್ರೆಟರಿಯ ಬಾಯಲ್ಲಿ ಮಾತ್ರ. ಹಾಗೆಯೇ ಲಯಕ್ಕೆಂದು ಎಲ್ಲ ವಾಕ್ಯ ತುಂಡು ಮಾಡಿದರೆ ಅದೂ ಒಂದು ಏಕತಾನವೇ. ಸಣ್ಣ ವಾಕ್ಯಕ್ಕೆ ಬೆಲೆ ಬರುವುದು ಪಕ್ಕದಲ್ಲಿ ಉದ್ದದ್ದು ಇದ್ದಾಗ.

ಎಲ್ಲ ಬರಹಕ್ಕೂ ಈ ಶ್ರಮ ಬೇಕಿಲ್ಲ. ಸಂಘದ ಠರಾವು, ಬ್ಯಾಂಕಿಗೆ ಕೊಡುವ ಅರ್ಜಿ, ಸಭೆಯ ಸೂಚನಾಪತ್ರ ಇವಕ್ಕೆ ಯಾರ ದನಿಯೂ ಬೇಡ, ಬಿಗಿಯಾದ ಸಿದ್ಧ ಭಾಷೆಯೇ ಒಳ್ಳೆಯದು. ಯಂತ್ರ ಬರೆದದ್ದನ್ನು ಅಂಕಿ, ಹೆಸರು, ತಾರೀಖು ತಾಳೆ ನೋಡಿ ಬಳಸಬಹುದು. ಬೀಳ್ಕೊಡುಗೆಯ ಭಾಷಣದಲ್ಲೂ ವೇದಿಕೆ ಮೇಲಿದ್ದವರನ್ನು ಸ್ವಾಗತಿಸುವ ಸಾಲು, ವಂದನಾರ್ಪಣೆಯ ಸಾಲು ಹಾಗೇ ಇದ್ದರೂ ನಡೆಯುತ್ತದೆ. ಒಬ್ಬ ಮನುಷ್ಯನ ಬಗ್ಗೆ ಹೇಳುವ ಸಾಲುಗಳನ್ನು ಮಾತ್ರ ನೀವೇ ಬರೆಯಬೇಕು.

ಮುಂದಿನ ಸಲ ಇಂಥದೊಂದು ಪುಟ ಕೈಗೆ ಬಂದಾಗ ಪೆನ್ನು ಹಿಡಿದು ಕೂತು, ನಿಮ್ಮೊಬ್ಬರಿಗೇ ಗೊತ್ತಿರುವ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಒಂದೂ ಸಿಗದಿದ್ದರೆ ಆ ಪುಟವನ್ನು ವೇದಿಕೆಗೆ ಒಯ್ಯಬೇಡಿ. ಮೂರು ಸಾಲು ಸಿಕ್ಕರೆ ಆ ಮೂರನ್ನೇ ಹೇಳಿ ಕೂತುಬಿಡಿ, ಅಷ್ಟು ಸಾಕು.