7ರ ಜಾಗಕ್ಕೆ 40ರ ಹನಿ

ನಮ್ಮ ಒಂದು ಕಣ್ಣಿನ ಮೇಲೆ ಸದಾ ಇರುವ ಕಣ್ಣೀರು ಎಷ್ಟು ಗೊತ್ತೇ? ಸುಮಾರು 7 ಮೈಕ್ರೋಲೀಟರ್. ಒಂದು ಟೀ ಚಮಚ ತುಂಬಬೇಕಾದರೆ 700 ಕಣ್ಣುಗಳ ನೀರು ಬೇಕು! ಇನ್ನು ಡ್ರಾಪ್ಸ್ ಬಾಟಲಿಯಿಂದ ಬೀಳುವ ಒಂದೇ ಒಂದು ಹನಿಯ ಗಾತ್ರ ನೋಡಿ: ಸುಮಾರು 40 ಮೈಕ್ರೋಲೀಟರ್. ಕಣ್ಣಲ್ಲಿ ಇರುವುದರ ಆರು ಪಟ್ಟು ಹತ್ತಿರ. ರೆಪ್ಪೆ ಎಷ್ಟೇ ಹಿಗ್ಗಿದರೂ ಕಣ್ಣು ಹಿಡಿದಿಟ್ಟುಕೊಳ್ಳುವುದು ಹೆಚ್ಚೆಂದರೆ 30. ಅಂದರೆ ಮೊದಲ ಹನಿಯೇ ಕಣ್ಣು ತುಂಬಿ ಹೊರಚೆಲ್ಲುತ್ತದೆ. ಹಾಗಿದ್ದೂ ಎಷ್ಟೋ ಮನೆಗಳಲ್ಲಿ, "ಒಂದು ಸರಿಯಾಗಿ ಬಿತ್ತೋ ಇಲ್ಲವೋ, ಇನ್ನೊಂದು ಇರಲಿ" ಎಂದು ಅಜ್ಜಿಯ ಕಣ್ಣಿಗೆ ಎರಡನೆಯದನ್ನೂ ಹಾಕುತ್ತೇವೆ. ಅದು ಪೂರ್ತಿ ಕೆನ್ನೆಯ ಪಾಲು.

ಒಂದು ಹನಿ ಸಾಲದು ಅನ್ನಿಸುತ್ತದೆಯೇ? ಗ್ಲಾಕೋಮಾಕ್ಕೆ ರಾತ್ರಿ ಹಾಕುವ ಲ್ಯಾಟನೋಪ್ರಾಸ್ಟ್ ಔಷಧವನ್ನೇ ತೆಗೆದುಕೊಳ್ಳಿ. ಅದರ ಒಂದು ಹನಿಯಲ್ಲಿರುವ ಔಷಧ ಬರೀ 1.5 ಮೈಕ್ರೋಗ್ರಾಂ. ಒಂದು ಗ್ರಾಂ ಔಷಧದಿಂದ 6,66,000 ಹನಿಗಳಾಗುತ್ತವೆ. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದ 1117ರಲ್ಲಿ ಒಬ್ಬರು ಎರಡೂ ಕಣ್ಣಿಗೆ ದಿನಕ್ಕೊಂದೊಂದು ಹನಿ ಹಾಕಲು ಶುರುಮಾಡಿ ಇವತ್ತಿನವರೆಗೂ ಬಿಡದೆ ಹಾಕಿದ್ದರೂ ಆ ಒಂದು ಗ್ರಾಂ ಪೂರ್ತಿ ಮುಗಿಯುತ್ತಿರಲಿಲ್ಲ! ಇಷ್ಟು ಸಣ್ಣ ಪ್ರಮಾಣ ಕಣ್ಣಿನ ಒತ್ತಡವನ್ನು ಇಡೀ ದಿನ ಹತೋಟಿಯಲ್ಲಿಡುತ್ತದೆ. ಆ ಒಂದು ಹನಿ ಒಳಗೆ ಬಿದ್ದರೆ ಸಾಕು.

ಒಳಗೆ ಬೀಳಿಸುವುದೇ ಕಷ್ಟ, ಅದರಲ್ಲೂ ಕೈ ನಡುಗುವವರಿಗೆ. ಕೈ ತೊಳೆದು, ಕುರ್ಚಿಗೆ ಒರಗಿ ತಲೆ ಹಿಂದಕ್ಕೆ ಬಾಗಿಸಬೇಕು, ಇಲ್ಲವೇ ಮಲಗಿಬಿಡಬೇಕು. ಕೆಳರೆಪ್ಪೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಕೆಳಕ್ಕೆಳೆದರೆ ಒಳಗೆ ಪುಟ್ಟ ಜೇಬಿನಂಥ ಜಾಗ ಕಾಣುತ್ತದೆ. ಹನಿ ಬೀಳಬೇಕಾದದ್ದು ಅಲ್ಲಿಗೆ, ಕರಿಗುಡ್ಡೆಯ ಮೇಲಲ್ಲ. ದೃಷ್ಟಿ ಸೂರಿನ ಕಡೆಗಿರಲಿ. ಬಾಟಲಿ ಹಿಡಿದ ಕೈಯನ್ನು ಹಣೆಯ ಮೇಲೆ ಊರಿದರೆ ನಡುಕ ಬಹುಮಟ್ಟಿಗೆ ನಿಲ್ಲುತ್ತದೆ. ಬಾಟಲಿಯ ತುದಿಗೂ ಕಣ್ಣಿಗೂ ನಡುವೆ ಒಂದೆರಡು ಸೆಂಟಿಮೀಟರ್ ಅಂತರವಿರಲಿ. ತುದಿ ರೆಪ್ಪೆಗೂದಲಿಗೂ ತಾಗಬಾರದು. ಇದೂ ಆಗದವರು ಅಂಗಾತ ಮಲಗಿ, ಕಣ್ಣು ಮುಚ್ಚಿಕೊಂಡೇ ಮೂಗಿನ ಪಕ್ಕದ ಕಣ್ಣಿನ ಮೂಲೆಗೆ ಹನಿ ಬಿಟ್ಟುಕೊಂಡು, ಆಮೇಲೆ ಕಣ್ಣು ತೆರೆಯಬಹುದು. ಹನಿ ತಾನಾಗಿ ಒಳಕ್ಕೆ ಜಾರುತ್ತದೆ. ಬಿತ್ತೋ ಇಲ್ಲವೋ ಎಂಬ ಅನುಮಾನವಿದ್ದರೆ, ಫ್ರಿಜ್‌ನಲ್ಲಿಡಬಹುದಾದ ಔಷಧವಾದರೆ, ತಣ್ಣಗಿರುವಾಗಲೇ ಹಾಕಿ. ತಂಪು ತಾಗಿದ್ದು ಗೊತ್ತಾಗುತ್ತದೆ.

ಹನಿ ಬಿದ್ದ ಕೂಡಲೇ ಎಲ್ಲರೂ ಮಾಡುವುದೇನು? ಪಟಪಟನೆ ರೆಪ್ಪೆ ಬಡಿಯುವುದು! ಮಾಮೂಲಿ ದಿನದಲ್ಲೇ ನಾವು ನಿಮಿಷಕ್ಕೆ ಸುಮಾರು 15 ಸಲ, ಎಚ್ಚರವಿರುವ 16 ಗಂಟೆಯಲ್ಲಿ 14,400 ಸಲ, ವರ್ಷಕ್ಕೆ 52 ಲಕ್ಷ ಸಲ ರೆಪ್ಪೆ ಬಡಿಯುತ್ತೇವೆ. ಒಂದೊಂದು ಬಡಿತವೂ ಕಣ್ಣಿನ ನೀರನ್ನು ಒಳಮೂಲೆಯ ರಂಧ್ರದಿಂದ ಮೂಗಿಗೆ ತಳ್ಳುತ್ತದೆ. ಅಲ್ಲಿಂದ ಔಷಧ ನೇರ ರಕ್ತಕ್ಕೆ. ಗ್ಲಾಕೋಮಾದ ಇನ್ನೊಂದು ಔಷಧವಾದ ಟಿಮೊಲಾಲ್‌ನ ಒಂದು ಹನಿಯಲ್ಲಿ ಔಷಧ ಇರುವುದು 0.2 ಮಿಲಿಗ್ರಾಂ, ಅಂದರೆ 60 ಕಿಲೋ ತೂಗುವ ಮನುಷ್ಯನ 30 ಕೋಟಿಯಲ್ಲಿ ಒಂದು ಪಾಲು. ಆ ಒಂದು ಪಾಲು ವಯಸ್ಸಾದವರ ನಾಡಿಬಡಿತವನ್ನು ನಿಧಾನ ಮಾಡಬಲ್ಲದು, ಆಸ್ತಮಾ ಇರುವವರ ಉಸಿರನ್ನೇ ಕಟ್ಟಿಸಬಲ್ಲದು! ಇದಕ್ಕೆ ಉಪಾಯ ಒಂದೇ ಬೆರಳಿನದು. ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಟಿಮೊಲಾಲ್ ರಕ್ತ ಸೇರುವ ಪ್ರಮಾಣ ಗಣನೀಯವಾಗಿ ಇಳಿಯುತ್ತದೆ. ಆಸ್ತಮಾ ಇದ್ದರೆ ಮಾತ್ರ ಬೆರಳನ್ನು ನಂಬಿಕೊಳ್ಳದೆ ವೈದ್ಯರಿಗೆ ಮೊದಲೇ ಹೇಳಿ, ಬೇರೆ ಔಷಧ ಬರೆಸಿಕೊಳ್ಳಬೇಕು.

ಎರಡು ಔಷಧಗಳಿದ್ದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಒಂದು ಹನಿ ಹಾಕಿ 30 ಸೆಕೆಂಡಿಗೆ ಇನ್ನೊಂದು ಹಾಕಿದರೆ ಮೊದಲನೆಯದರಲ್ಲಿ ನೂರಕ್ಕೆ ಸುಮಾರು 45 ಪಾಲು ಕೊಚ್ಚಿಹೋಗುತ್ತದೆ! ಎರಡು ನಿಮಿಷ ಬಿಟ್ಟರೆ ನಷ್ಟ ಸುಮಾರು 17. ಐದು ನಿಮಿಷ ಕಾದರೆ ಹೆಚ್ಚುಕಡಿಮೆ ಏನೂ ಇಲ್ಲ. ಇದು ಮೊಲಗಳ ಕಣ್ಣಿನಲ್ಲಿ ಮಾಡಿದ ಹಳೆಯ ಅಳತೆ. ಐದು ನಿಮಿಷದ ನಿಯಮ ಮನುಷ್ಯರಿಗೂ ಇಂದಿಗೂ ಅದೇ.

ಎರಡೂ ಕಣ್ಣಿಗೆ ಗ್ಲಾಕೋಮಾ ಇರುವ 72ರ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ಟಿಮೊಲಾಲ್ ಬೆಳಿಗ್ಗೆ ಮತ್ತು ರಾತ್ರಿ, ಲ್ಯಾಟನೋಪ್ರಾಸ್ಟ್ ರಾತ್ರಿ, ಕಣ್ಣು ಒಣಗದಿರಲು ಮಲಗುವ ಮುಂಚೆ ಒಂದು ಜೆಲ್. ರಾತ್ರಿ 9ಕ್ಕೆ ಟಿಮೊಲಾಲ್, 9.05 ದಾಟಿದ ಮೇಲೆ ಲ್ಯಾಟನೋಪ್ರಾಸ್ಟ್, 9.15ರ ನಂತರ ಜೆಲ್. ಜೆಲ್ ಯಾವತ್ತೂ ಕೊನೆಗೆ. ಮೊದಲೇ ಹಾಕಿದರೆ ಹನಿಗಳಿಗೆ ಒಳದಾರಿ ಸಿಗುವುದಿಲ್ಲ. 5 ಮಿಲಿಲೀಟರಿನ ಟಿಮೊಲಾಲ್ ಬಾಟಲಿಯಲ್ಲಿ 125 ಹನಿ. ದಿನಕ್ಕೆ 4 ಹನಿಯಂತೆ ಸರಿಯಾಗಿ 31 ದಿನ! ಎರಡೆರಡು ಹನಿ ಹಾಕಿದರೆ 16ನೇ ದಿನಕ್ಕೆ ಬಾಟಲಿ ಖಾಲಿ. ಮುಂದಿನ ಪಿಂಚಣಿ ಬರುವವರೆಗೆ ಕಣ್ಣಿಗೆ ಔಷಧವೇ ಇಲ್ಲದೆ ಅರ್ಧ ತಿಂಗಳು.

ಲ್ಯಾಟನೋಪ್ರಾಸ್ಟ್‌ನ 2.5 ಮಿಲಿಲೀಟರ್ ಬಾಟಲಿಯದು ಇದಕ್ಕೆ ತದ್ವಿರುದ್ಧ. ಅದರ ಹನಿ ತುಸು ಚಿಕ್ಕದು, ಹಾಗಾಗಿ ಸುಮಾರು 80 ಹನಿ, ದಿನಕ್ಕೆರಡರಂತೆ 40 ದಿನ ಬರುತ್ತದೆ. ಆದರೆ ನಮ್ಮಲ್ಲಿ ಸಿಗುವ ಇಂಥ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಮುದ್ರಿತವಾಗಿರುವ ಸೂಚನೆ: ತೆರೆದ ಒಂದು ತಿಂಗಳೊಳಗೆ ಬಳಸಿ. ಉಳಿದ 20 ಹನಿಯನ್ನು ಎಸೆಯಲು ಕೈ ಬರುವುದಿಲ್ಲ, ನಿಜ. ಎಸೆಯಲೇಬೇಕು. ಎಕ್ಸ್‌ಪೈರಿ ಎಂದು ಅಚ್ಚಾದ ದಿನಾಂಕ ಮುಚ್ಚಳ ಬಿಚ್ಚದ ಬಾಟಲಿಗೆ ಮಾತ್ರ. ಅದು ಎರಡು ವರ್ಷ ಮುಂದಿದ್ದರೂ ಬಿಚ್ಚಿದ ಬಾಟಲಿಗೆ ಸಂಬಂಧವಿಲ್ಲ. ಬಿಚ್ಚದ ಲ್ಯಾಟನೋಪ್ರಾಸ್ಟ್ 2ರಿಂದ 8 ಡಿಗ್ರಿಯ ಫ್ರಿಜ್‌ನಲ್ಲಿರಬೇಕು, ಫ್ರೀಜರ್‌ನಲ್ಲಿ ಖಂಡಿತ ಅಲ್ಲ. ಬಿಚ್ಚಿದ ಮೇಲೆ 25 ಡಿಗ್ರಿಯವರೆಗೆ ಹೊರಗಿಡಬಹುದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮನೆಯೊಳಗೇ 25 ಎಲ್ಲಿಂದ ಬರಬೇಕು? ಅಲ್ಲಿ ಫ್ರಿಜ್ಜೇ ಗತಿ.

ಒಂದು ತಿಂಗಳ ಗಡುವು ಯಾಕೆ ಅಂತೀರಾ? ಇಲ್ಲಿಗೆ ಬಂತು ಎಲ್ಲಕ್ಕಿಂತ ದೊಡ್ಡ ಸಂಖ್ಯೆ. ಬಾಟಲಿಯ ತುದಿ ರೆಪ್ಪೆಗೆ ತಾಗಿ ಒಂದು ಬ್ಯಾಕ್ಟೀರಿಯಾ ಅಂಟಿತು ಅನ್ನಿ. ಒಳ್ಳೆಯ ಆಹಾರ ಸಿಕ್ಕರೆ ಅರ್ಧ ಗಂಟೆಗೊಮ್ಮೆ ಎರಡಾಗುವ ಜೀವಿಗಳಿವೆ. ದಿನಕ್ಕೆ 48 ಸಲ ಇಮ್ಮಡಿಯಾದರೆ ಆ ಒಂದು, ಮಾರನೇ ದಿನದ ಹೊತ್ತಿಗೆ 281 ಲಕ್ಷ ಕೋಟಿ! ಭೂಮಿಯ ಪ್ರತಿಯೊಬ್ಬರ ತಲೆಗೂ ಸುಮಾರು 35,000. ಬಾಟಲಿಯಲ್ಲಿ ಅಷ್ಟು ಆಹಾರವಿಲ್ಲ, ಸಂರಕ್ಷಕ ರಾಸಾಯನಿಕವೂ ಇರುತ್ತದೆ, ಹಾಗಾಗಿ ಲೆಕ್ಕ ಅಷ್ಟು ದೂರ ಹೋಗುವುದಿಲ್ಲ. ಸಂರಕ್ಷಕವಿಲ್ಲದ, ಒಂದೇ ಸಲ ಬಳಸುವ ಪುಟ್ಟ ಪ್ಲಾಸ್ಟಿಕ್ ಕೊಳವೆಗಳಿಗೆ ಈ ಕಾವಲೂ ಇಲ್ಲ. ಹಾಕಿಕೊಂಡ ಕೂಡಲೇ ಉಳಿದದ್ದನ್ನು ಎಸೆಯಬೇಕು. 2022–23ರಲ್ಲಿ ಅಮೆರಿಕದಲ್ಲಿ ಕೃತಕ ಕಣ್ಣೀರಿನ ಹನಿಗಳೊಂದಿಗೆ ನಂಟಿದ್ದ ಸ್ಯೂಡೋಮೊನಾಸ್ ಸೋಂಕು 18 ರಾಜ್ಯಗಳ 81 ಮಂದಿಗೆ ತಗುಲಿತು. 14 ಮಂದಿಗೆ ದೃಷ್ಟಿ ನಷ್ಟವಾಯಿತು, 4 ಮಂದಿಯ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು, 4 ಮಂದಿ ಸತ್ತರು. ಅಲ್ಲಿ ಶಂಕೆ ಬಿದ್ದದ್ದು ತಯಾರಿಕೆಯ ಮೇಲೆ, ರೋಗಿಗಳ ಮೇಲಲ್ಲ. ಹನಿಯಲ್ಲಿ ಬ್ಯಾಕ್ಟೀರಿಯಾ ಸೇರಿದರೆ ಏನಾಗಬಹುದು ಎಂಬುದು ಮಾತ್ರ ಎಲ್ಲ ಮನೆಗೂ ಒಂದೇ. ಹನಿ ಮಸುಕಾಗಿದ್ದರೆ, ಬಣ್ಣ ತಿರುಗಿದ್ದರೆ, ಹಾಕಿದ ಮೇಲೆ ಕಣ್ಣು ಕೆಂಪಾಗಿ ಕೀವು ಬಂದರೆ ಆ ಬಾಟಲಿ ಮತ್ತೆ ಬಳಸಬೇಡಿ, ಅದನ್ನೇ ಹಿಡಿದುಕೊಂಡು ಅವತ್ತೇ ಕಣ್ಣಿನ ವೈದ್ಯರ ಬಳಿ ಹೋಗಿ.

ನಿಮ್ಮ ಮನೆಯ ಹಿರಿಯರ ಡ್ರಾಪ್ಸ್ ಬಾಟಲಿಯನ್ನು ಈಗಲೇ ತೆಗೆದು ನೋಡಿ. ಯಾವತ್ತು ಬಿಚ್ಚಿದ್ದು ಎಂದು ಯಾರಿಗೂ ನೆನಪಿಲ್ಲದಿದ್ದರೆ ಹೊಸದು ತನ್ನಿ, ಮುಚ್ಚಳ ತೆರೆಯುವ ಮೊದಲು ಅದರ ಮೇಲೆ ಪೆನ್ನಿನಲ್ಲಿ ದಿನಾಂಕ ಬರೆಯಿರಿ.