ಎಕರೆಗೆ ಎಷ್ಟು ಜೇನುಪೆಟ್ಟಿಗೆ?

ಏಪ್ರಿಲ್ ಹೊತ್ತಿಗೆ ಹಿಮಾಚಲದ ಶಿಮ್ಲಾ, ಕುಲ್ಲು ಕಡೆಯ ಸೇಬಿನ ಮರಗಳು ಹೂ ಬಿಡುತ್ತವೆ. ಬಯಲುಸೀಮೆಯ ಸಾಸಿವೆ ಹೊಲಗಳಲ್ಲಿ ಚಳಿಗಾಲ ಕಳೆದ ಜೇನುಪೆಟ್ಟಿಗೆಗಳು ಆಗ ರಾತ್ರೋರಾತ್ರಿ ಬೆಟ್ಟ ಹತ್ತುತ್ತವೆ. ತೋಟದವರು ಅವನ್ನು ಹೂವಿನ ಕಾಲಕ್ಕಷ್ಟೇ ಬಾಡಿಗೆಗೆ ಪಡೆಯುತ್ತಾರೆ. ಅವರಿಗೆ ಬೇಕಾದದ್ದು ತುಪ್ಪವಲ್ಲ, ಕಾಯಿ.

ಎಷ್ಟು ಪೆಟ್ಟಿಗೆ ತರಿಸಬೇಕು? ಸೇಬಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಹೆಕ್ಟೇರಿಗೆ ಎರಡರಿಂದ ಮೂರು, ಅಂದರೆ ಎಕರೆಗೆ ಸುಮಾರು ಒಂದು. ಇದು ಮೆಲ್ಲಿಫೆರಾ ಜೇನಿನ ಬಲವಾದ ಕುಟುಂಬಕ್ಕೆ ಹಾಕಿದ ಲೆಕ್ಕ. ಹತ್ತು ಚೌಕಟ್ಟಿನ ಪೆಟ್ಟಿಗೆಯ ಮುಚ್ಚಳ ತೆಗೆದರೆ ಎಂಟು ಚೌಕಟ್ಟುಗಳಾದರೂ ಎರಡೂ ಬದಿ ನೊಣ ಮುತ್ತಿಕೊಂಡಿರಬೇಕು. ನಾಲ್ಕೇ ಚೌಕಟ್ಟು ತುಂಬಿದ ಎರಡು ಪೆಟ್ಟಿಗೆಗಳು ಇಂಥ ಒಂದಕ್ಕೆ ಸಮ ಎನ್ನುವಂತಿಲ್ಲ. ಸಣ್ಣ ಕುಟುಂಬದಲ್ಲಿ ಹೆಚ್ಚಿನ ನೊಣಗಳು ಮರಿಗಳಿಗೆ ಕಾವು ಕೊಡುತ್ತ ಒಳಗೇ ಉಳಿಯುವುದರಿಂದ ಹೂವಿಗೆ ಹೋಗುವವು ಕಡಿಮೆ. ಬಾಡಿಗೆ ಕೊಡುವ ಮುನ್ನ ಪೆಟ್ಟಿಗೆ ಎಣಿಸಿದರೆ ಸಾಲದು, ತೆರೆದು ನೋಡಬೇಕು.

ನಮ್ಮ ಮಲೆನಾಡಿನ ಪೆಟ್ಟಿಗೆಗಳಲ್ಲಿರುವ ತುಡುವೆ ಜೇನಿನ ಬಂಧುವನ್ನು ಅಲ್ಲಿಯೂ ಸಾಕುತ್ತಾರೆ. ಅದು ತಣ್ಣನೆಯ ಬೆಳಗಿನಲ್ಲೂ ಬೇಗ ಕೆಲಸಕ್ಕೆ ಹೊರಡುತ್ತದೆ. ಆದರೆ ಅದರ ಕುಟುಂಬ ಚಿಕ್ಕದು, ಹಾರುವ ದೂರವೂ ಕಡಿಮೆ. ಹಾಗಾಗಿ ಪೆಟ್ಟಿಗೆಗಳು ಹೆಚ್ಚು ಬೇಕು, ಹತ್ತಿರ ಹತ್ತಿರವೂ ಇರಬೇಕು.

ಇನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆ. ಬಹಳ ಮಂದಿ ಎಡವುವುದು ಇಲ್ಲೇ. ಹತ್ತು ಎಕರೆಯ ಚೌಕ ತೋಟವೊಂದನ್ನು ಊಹಿಸಿಕೊಳ್ಳಿ. ಅದರ ಒಂದೊಂದು ಬದಿ ಸುಮಾರು 200 ಮೀಟರ್. ಲೆಕ್ಕಕ್ಕೆ ಸ್ವಲ್ಪ ಮೇಲೆಯೇ ಇರಲೆಂದು ಹನ್ನೆರಡು ಪೆಟ್ಟಿಗೆ ಬಂದಿವೆ. ವಾಹನ ನಿಲ್ಲುವ ಮೂಲೆಯಲ್ಲೇ ಎಲ್ಲವನ್ನೂ ಇಳಿಸಿದರೆ ಎದುರು ಮೂಲೆ 280 ಮೀಟರ್ ದೂರವಾಗುತ್ತದೆ. ಬಿಸಿಲಿನ ದಿನ ಜೇನಿಗೆ ಅದೇನೂ ದೂರವಲ್ಲ, ಕಿಲೋಮೀಟರುಗಟ್ಟಲೆ ಹೋಗಿಬರುತ್ತದೆ. ಆದರೆ ಬೆಟ್ಟದಲ್ಲಿ ಹೂವಿನ ಕಾಲಕ್ಕೇ ಮೋಡ, ಗಾಳಿ, ಚಳಿ. ಅಂಥ ದಿನ ನೊಣಗಳು ಪೆಟ್ಟಿಗೆಯ ಸುತ್ತಲ ಮರಗಳಲ್ಲೇ ಕೆಲಸ ಮುಗಿಸಿ ಒಳಸೇರುತ್ತವೆ.

ಅದರ ಬದಲು ಆರಾರು ಪೆಟ್ಟಿಗೆಯ ಎರಡು ಗುಂಪು ಮಾಡಿ. ಎದುರುಬದುರಿನ ಎರಡು ಬದಿಗಳ ನಡುಮಧ್ಯದಿಂದ 50 ಮೀಟರ್ ಒಳಗೆ ಒಂದೊಂದು ಗುಂಪನ್ನಿಡಿ. ಗುಂಪುಗಳ ನಡುವೆ 100 ಮೀಟರ್ ಅಂತರ ಉಳಿಯುತ್ತದೆ, ಯಾವ ಮೂಲೆಯೂ ಹತ್ತಿರದ ಗುಂಪಿನಿಂದ 112 ಮೀಟರಿಗಿಂತ ದೂರವಿರುವುದಿಲ್ಲ. ದೊಡ್ಡ ತೋಟಗಳಲ್ಲಿ ನಾಲ್ಕರಿಂದ ಆರು ಪೆಟ್ಟಿಗೆಯ ಗುಂಪುಗಳನ್ನು ಸುಮಾರು 150 ಮೀಟರಿಗೊಂದರಂತೆ ಇಡುವುದು ರೂಢಿ.

ಹಾಗಾದರೆ ಎಕರೆಗೊಂದರಂತೆ ಬಿಡಿಬಿಡಿಯಾಗಿ ಹಂಚಿಬಿಡಬಹುದಲ್ಲ? ಒಂದು ನೊಣ ಸಾಧ್ಯವಾದಷ್ಟು ಕೆಲವೇ ಮರಗಳಿಗೆ ಅಂಟಿಕೊಳ್ಳುತ್ತದೆ. ಹಿಮಾಚಲದ ಮುಖ್ಯ ತಳಿಯಾದ ರಾಯಲ್ ಡಿಲಿಷಸ್‌ಗೆ ತನ್ನದೇ ಪರಾಗ ಒಗ್ಗದು. ರೆಡ್ ಗೋಲ್ಡ್, ಗೋಲ್ಡನ್ ಡಿಲಿಷಸ್‌ನಂಥ ಬೇರೆ ತಳಿಯ ಪರಾಗ ಬೇಕು. ಗುಂಪಿನಲ್ಲಿದ್ದಾಗ ಅಕ್ಕಪಕ್ಕದ ಕುಟುಂಬಗಳ ನಡುವೆ ಹೂವಿಗಾಗಿ ಪೈಪೋಟಿ ಹುಟ್ಟಿ, ನೊಣಗಳು ಸಾಲಿನಿಂದ ಸಾಲಿಗೆ, ತಳಿಯಿಂದ ತಳಿಗೆ ಹಾಯುತ್ತವೆ. ಪೆಟ್ಟಿಗೆ ಸಾಗಿಸುವವರಿಗೂ ಇದು ಸಲೀಸು.

ಬೇರೆ ತಳಿಯ ಮರಗಳೇ ಇಲ್ಲದ ತೋಟದಲ್ಲಿ ಎಕರೆಗೆ ಐದು ಪೆಟ್ಟಿಗೆ ಇಟ್ಟರೂ ಫಲವಿಲ್ಲ. ಅಲ್ಲಿನವರು ತುರ್ತಿಗೆ ಹೂಬಿಟ್ಟ ಕಾಡುಸೇಬಿನ ಕೊಂಬೆಗಳನ್ನು ನೀರಿನಲ್ಲಿರಿಸಿ ಮರಗಳಿಗೆ ತೂಗುಹಾಕುವುದು ಇದಕ್ಕೇ. ಡಿಲಿಷಸ್ ಹೂವಿನದು ಇನ್ನೊಂದು ತಂಟೆ. ಕೇಸರಗಳ ಬುಡದಲ್ಲಿ ಸಂದು ಇರುವುದರಿಂದ ಚಾಲಾಕಿ ನೊಣ ಪಕಳೆಯ ಮೇಲೆ ಕೂತು ಪಕ್ಕದಿಂದ ನಾಲಿಗೆ ಚಾಚಿ ಮಕರಂದ ಹೀರುತ್ತದೆ. ಪರಾಗವನ್ನು ಮುಟ್ಟುವುದೇ ಇಲ್ಲ! ಈ ತಳಿಯಲ್ಲಿ ಪೆಟ್ಟಿಗೆ ತುಸು ಹೆಚ್ಚಿದ್ದರೆ ಒಳ್ಳೆಯದೆನ್ನುವುದು ಅದಕ್ಕೆ.

ಪೆಟ್ಟಿಗೆ ಬರಬೇಕಾದದ್ದು ನೂರಕ್ಕೆ ಐದು–ಹತ್ತು ಹೂ ಅರಳಿದಾಗ. ಮೊದಲೇ ತಂದರೆ ನೊಣಗಳು ಸುತ್ತಲಿನ ಕಾಡುಹೂವಿಗೆ ಒಗ್ಗಿಹೋಗುತ್ತವೆ. ತಡವಾದರೆ ಗೊಂಚಲಿನ ನಡುವೆ ಮೊದಲು ಅರಳಿ ದಪ್ಪ ಹಣ್ಣು ಕೊಡುವ ಹೂ ತಪ್ಪಿಹೋಗುತ್ತದೆ. ಬಾಗಿಲು ಬೆಳಗಿನ ಬಿಸಿಲಿಗೆ ಮುಖಮಾಡಿ, ಗಾಳಿಗೆ ಮರೆಯಾಗಿರಲಿ. ಹೂ ಉದುರುವ ತನಕ ಕೀಟನಾಶಕ ಹೊಡೆಯಬಾರದು.

ಲೆಕ್ಕ ಸರಿಯಿತ್ತೇ ಎಂಬುದನ್ನು ಹಣ್ಣೇ ಹೇಳುತ್ತದೆ. ಸೇಬನ್ನು ಅಡ್ಡಕ್ಕೆ ಕುಯ್ದರೆ ಐದು ಕೋಣೆ ಕಾಣುತ್ತವೆ. ಪರಾಗ ಚೆನ್ನಾಗಿ ಸಿಕ್ಕಿದ್ದರೆ ಕೋಣೆಗೆರಡರಂತೆ ಹತ್ತು ಬೀಜ. ಬೀಜ ಕಟ್ಟದ ಬದಿ ಬೆಳೆಯದೆ ಹಣ್ಣು ಸೊಟ್ಟಗಾಗುತ್ತದೆ. ಗುಂಪಿನ ಪಕ್ಕದ ಮರದಿಂದ ನಾಲ್ಕು, ಅತಿ ದೂರದ ಮರದಿಂದ ನಾಲ್ಕು ಕಾಯಿ ಕುಯ್ದು ಬೀಜ ಎಣಿಸಿ. ದೂರದವುಗಳಲ್ಲಷ್ಟೇ ಕಡಿಮೆಯಿದ್ದರೆ ಮುಂದಿನ ವರ್ಷ ಗುಂಪುಗಳ ಜಾಗ ಬದಲಿಸಿ. ಎರಡೂ ಕಡೆ ಕಡಿಮೆಯಿದ್ದರೆ ಪೆಟ್ಟಿಗೆಯ ಬಲ ಸಾಲಲಿಲ್ಲ, ಹವೆ ಕೈಕೊಟ್ಟಿತು, ಇಲ್ಲವೇ ಪರಾಗ ಕೊಡುವ ತಳಿಯ ಮರಗಳೇ ಸಾಲವು.