ಯಂತ್ರಾನುವಾದದಲ್ಲಿ ಕನ್ನಡ ಎಡವುವುದೆಲ್ಲಿ

ಇಂದಿನ ಅನುವಾದ ಯಂತ್ರಗಳಿಗೆ ಯಾರೂ ವ್ಯಾಕರಣದ ಪಾಠ ಹೇಳಿರುವುದಿಲ್ಲ. ಒಂದೇ ಮಾತು ಎರಡು ಭಾಷೆಗಳಲ್ಲಿರುವ ವಾಕ್ಯಜೋಡಿಗಳನ್ನು ರಾಶಿರಾಶಿಯಾಗಿ ಉಣಿಸಿದರೆ, ಯಾವುದಕ್ಕೆ ಯಾವುದು ಸಮವೆಂದು ಅವೇ ಊಹಿಸಲು ಕಲಿಯುತ್ತವೆ. ಕನ್ನಡದ ತೊಡಕು ಶುರುವಾಗುವುದು ಈ ರಾಶಿಯಲ್ಲೇ. ಫ್ರೆಂಚಿಗೆ ಕೆನಡಾ ಸಂಸತ್ತು, ವಿಶ್ವಸಂಸ್ಥೆಗಳ ದ್ವಿಭಾಷಾ ಕಡತಗಳಿವೆ. 2014ರ ಒಂದು ಅನುವಾದ ಸ್ಪರ್ಧೆಯಲ್ಲೇ ಇಂಗ್ಲಿಷ್–ಫ್ರೆಂಚ್ ತರಬೇತಿಗೆ ಸುಮಾರು 3.6 ಕೋಟಿ ಜೋಡಿಗಳು ಬಳಕೆಯಾದವು. ಮದ್ರಾಸ್ ಐಐಟಿಯ ಸಂಶೋಧಕರು 2021ರಲ್ಲಿ ಜಾಲವನ್ನೆಲ್ಲ ಜಾಲಾಡಿ ಹೊರತಂದ ದೊಡ್ಡ ಸಂಗ್ರಹದಲ್ಲಿ ಕನ್ನಡದ ಪಾಲು ಸುಮಾರು 40 ಲಕ್ಷ. ಹಿಂದಿಗೆ ಒಂದು ಕೋಟಿಯಷ್ಟಿತ್ತು.

ಇದ್ದಷ್ಟೂ ಕನ್ನಡದಲ್ಲಿ ತೆಳುವಾಗಿ ಹರಡಿಹೋಗುತ್ತದೆ. ‘ಮನೆಯಲ್ಲಿದ್ದವರಿಗೂ’ ಎಂಬುದು ನಮಗೆ ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಆರೇಳು ಪದ ಬೇಕು. ಒಂದೊಂದು ನಾಮಪದ, ಕ್ರಿಯಾಪದಕ್ಕೂ ಇಂಥ ರೂಪಗಳು ಲೆಕ್ಕವಿಲ್ಲದಷ್ಟು. ಹಲವು ರೂಪಗಳನ್ನು ಯಂತ್ರ ಒಮ್ಮೆಯೂ ಕಂಡಿರುವುದಿಲ್ಲ. ಆಗ ಅದು ಪದವನ್ನು ತುಂಡು ಮಾಡಿ ನೋಡುತ್ತದೆ. ಆದರೆ ಎಲ್ಲಿ ಕತ್ತರಿಸಬೇಕೆಂದು ಹೇಳುವುದು ಅಕ್ಷರಗುಂಪುಗಳ ಬಳಕೆಯ ಎಣಿಕೆ, ವಿಭಕ್ತಿಯಲ್ಲ. ಸಂಧಿಯಾದ ಜಾಗದಲ್ಲಿ ಕತ್ತರಿ ತಪ್ಪುವುದು ಸಹಜ.

ಉದ್ದ ವಾಕ್ಯದಲ್ಲಿ ಈ ಕಷ್ಟ ಹೆಚ್ಚುತ್ತದೆ. ಈ ವಾಕ್ಯ ನೋಡಿ: ‘ನಿನ್ನೆ ಸಂತೆಯಲ್ಲಿ ಕಂಡ ಅಣ್ಣನ ಮಗಳು ಓದುತ್ತಿದ್ದ ಶಾಲೆಯ ಮೇಷ್ಟ್ರು ಬಂದಿದ್ದಾರೆ.’ ಸಂತೆಯಲ್ಲಿ ಕಂಡದ್ದು ಯಾರು? ಅಣ್ಣನೋ, ಮಗಳೋ, ಮೇಷ್ಟ್ರೋ? ‘ಕಂಡ’ ಎಂಬ ಕೃದಂತಕ್ಕೆ ಲಿಂಗವಿಲ್ಲ, ವಚನವಿಲ್ಲ. ಕಂಡವರು ಯಾರು, ಕಾಣಿಸಿಕೊಂಡವರು ಯಾರು ಎಂಬ ಗುರುತೂ ಇಲ್ಲ. ಮಾತಾಡುವವರ ಮನೆಯ ಸುದ್ದಿ ಗೊತ್ತಿದ್ದವರಿಗೆ ಅರ್ಥವಾದೀತು. ಯಂತ್ರ ಮಾತ್ರ ಯಾವುದೋ ಒಂದನ್ನು ಆರಿಸಿ, ಸುಲಲಿತವಾದ ಇಂಗ್ಲಿಷಿನಲ್ಲಿ ಹೇಳಿಬಿಡುತ್ತದೆ. ತಪ್ಪು ಕಣ್ಣಿಗೆ ಬೀಳದಿರುವುದು ಇದರಿಂದಲೇ.

ಬಿಡಿಸಿ ಬರೆದರೆ ಹೀಗಾಗುತ್ತದೆ: ‘ಅಣ್ಣನ ಮಗಳು ಒಂದು ಶಾಲೆಯಲ್ಲಿ ಓದುತ್ತಿದ್ದಳು. ಆ ಶಾಲೆಯ ಮೇಷ್ಟ್ರು ಈಗ ಬಂದಿದ್ದಾರೆ. ಆ ಮೇಷ್ಟ್ರನ್ನು ನಾನು ನಿನ್ನೆ ಸಂತೆಯಲ್ಲಿ ಕಂಡೆ.’ ‘ಓದುತ್ತಿದ್ದ’ ಹೋಗಿ ‘ಓದುತ್ತಿದ್ದಳು’ ಬಂತು. ‘ಕಂಡ’ ಎಂಬುದು ‘ನಾನು ಕಂಡೆ’ ಎಂದಾಯಿತು. ಕೃದಂತ ಬಚ್ಚಿಟ್ಟದ್ದನ್ನೆಲ್ಲ ಪೂರ್ಣ ಕ್ರಿಯಾಪದ ಬಾಯಿಬಿಟ್ಟು ಹೇಳುತ್ತದೆ.  ಓದಲು ಸ್ವಲ್ಪ ಬಾಲಬೋಧೆಯಂತಿದೆ, ನಿಜ. ಅರ್ಜಿಗೋ ಔಷಧಿಯ ಸೂಚನೆಗೋ ಅದು ನಡೆಯುತ್ತದೆ; ಕಥೆಗೆ ನಡೆಯದು.

ಕಡಿದದ್ದು ಅತಿಯಾದರೂ ಕೆಡುತ್ತದೆ. ಬಹಳಷ್ಟು ಯಂತ್ರಗಳು ಒಂದೊಂದೇ ವಾಕ್ಯವನ್ನು ಬೇರೆಬೇರೆಯಾಗಿ ಅನುವಾದಿಸುತ್ತವೆ. ಬರಿದೆ ‘ಊಟ ಮಾಡಿ ಹೋದರು’ ಎಂದರೆ ಗೌರವದ ಬಹುವಚನವೋ ನಿಜವಾದ ಬಹುವಚನವೋ ತಿಳಿಯದೆ, ಒಬ್ಬ ಮೇಷ್ಟ್ರು ಇಂಗ್ಲಿಷಿನಲ್ಲಿ ಗುಂಪಾಗಿಬಿಡಬಹುದು. ಆದ್ದರಿಂದ ಪ್ರತಿ ವಾಕ್ಯದಲ್ಲೂ ಹೆಸರನ್ನೋ ‘ಮೇಷ್ಟ್ರು’ ಎಂಬ ಪದವನ್ನೋ ಮತ್ತೆ ಬರೆಯಬೇಕಾಗುತ್ತದೆ.